ಹಳೇ ಷೇರು ಪತ್ರ ಕೈಗೆ ಸಿಕ್ಕಿದೆ, ಯಾರಿಗೆ ಬರೆಯಬೇಕು?

(ಬದಿಯಡ್ಕದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯ ಮನೆಗಳಲ್ಲಿ ಹಳೇ ಬ್ಯಾಂಕುಗಳ ಷೇರು ಪತ್ರ ಸಿಗುವುದು ಹೊಸ ಸಂಗತಿ ಏನಲ್ಲ. ಕೆನರಾ ಬ್ಯಾಂಕ್ ಮಂಗಳೂರಲ್ಲಿ ಮತ್ತು ಕಾರ್ಪೊರೇಷನ್ ಬ್ಯಾಂಕ್ ಉಡುಪಿಯಲ್ಲಿ 1906ರಲ್ಲಿ ಶುರುವಾದವು. ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ ಬ್ಯಾಂಕ್ 1931. ಆಗ ಕಾಸರಗೋಡು ಕೂಡ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಹಾಗಾಗಿ ಇವೆಲ್ಲ ನಮ್ಮದೇ ಬ್ಯಾಂಕುಗಳು ಅನ್ನುವ ಭಾವನೆ ಇತ್ತು. ಮುಂದೆ ಇವುಗಳ ಷೇರು ಮಾರಾಟಕ್ಕೆ ಬಂದಾಗ ಅಡಿಕೆ ಮಾರಿದ ದುಡ್ಡಲ್ಲಿ ನೂರೋ ಇನ್ನೂರೋ ತೆಗೆದುಕೊಂಡವರು ಬಹಳ ಜನ.

ಈಗ ಅಜ್ಜ ಇಲ್ಲ. ಪತ್ರ ಸಿಕ್ಕಿದೆ. ಅದರ ಮೇಲೆ ಅಚ್ಚಾದ ಬ್ಯಾಂಕಿನ ಹೆಸರೂ ಇವತ್ತು ಇಲ್ಲ. ಮನೆಯವರು ಮೊದಲು ಹತ್ತಿರದ ಶಾಖೆಗೆ ಹೋಗುತ್ತಾರೆ. ಮ್ಯಾನೇಜರ್ "ಇದು ನಮ್ಮಲ್ಲಿ ಆಗುವುದಿಲ್ಲ" ಎನ್ನುತ್ತಾರೆ. ಅವರು ಹೇಳುವುದು ನಿಜ. ಷೇರುದಾರರ ಪಟ್ಟಿ ಶಾಖೆಯಲ್ಲಿ ಇರುವುದೇ ಇಲ್ಲ. ಆಮೇಲೆ ಯಾರೋ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದಲೇ.

ಇಂಥಾ ವಿಷಯಕ್ಕೆ ಕಾನೂನೇ ಗೊತ್ತು ಮಾಡಿದ ಒಬ್ಬ ಅಧಿಕಾರಿ ಪ್ರತಿಯೊಂದು ಲಿಸ್ಟೆಡ್ ಕಂಪನಿಯಲ್ಲೂ, ಅಂದರೆ ಷೇರು ವಿನಿಮಯ ಕೇಂದ್ರದಲ್ಲಿ ಷೇರು ವ್ಯವಹಾರ ಆಗುವ ಕಂಪನಿಯಲ್ಲಿ, ಇರುತ್ತಾರೆ. ಅವರ ಹೆಸರು, ಹುದ್ದೆ ಗುಟ್ಟಲ್ಲ. ಕಂಪನಿ ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸುವ ಪತ್ರಗಳಲ್ಲೇ ಅದು ಇರುತ್ತದೆ. ಆ ಹೆಸರನ್ನು ಹುಡುಕುವುದು ಹೇಗೆ, ಅದು ಇವತ್ತಿಗೂ ಸರಿಯೇ ಎಂದು ತಿಳಿಯುವುದು ಹೇಗೆ, ಆಮೇಲೆ ಏನು ಬರೆಯಬೇಕು. ನಾನು ಮಾತಾಡುವುದು ಇಷ್ಟರ ಬಗ್ಗೆ.

ಆ ಅಧಿಕಾರಿಯ ಹುದ್ದೆಗೆ ಎರಡು ಹೆಸರು ಜೊತೆಯಾಗಿ ಬರುತ್ತವೆ: ಕಂಪನಿ ಸೆಕ್ರೆಟರಿ ಮತ್ತು ಕಂಪ್ಲಯನ್ಸ್ ಆಫೀಸರ್. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ 2015ರಲ್ಲಿ ಲಿಸ್ಟೆಡ್ ಕಂಪನಿಗಳಿಗೆಂದು ಒಂದು ನಿಯಮಾವಳಿ ತಂದಿತು. ಎಲ್‌ಒಡಿಆರ್ ಎಂದು ಅದನ್ನು ಚಿಕ್ಕದಾಗಿ ಕರೆಯುತ್ತಾರೆ. ಅರ್ಹತೆ ಇರುವ ಕಂಪನಿ ಸೆಕ್ರೆಟರಿಯನ್ನೇ ಕಂಪ್ಲಯನ್ಸ್ ಆಫೀಸರ್ ಆಗಿ ನೇಮಿಸಬೇಕು ಎಂದು ಅದರ 6ನೇ ನಿಯಮ ಹೇಳುತ್ತದೆ. ಅವರ ಕೆಲಸ ಏನು ಎಂದೂ ಅಲ್ಲೇ ಬರೆದಿದೆ. ನಿಯಮ ಪಾಲನೆ ನೋಡುವುದು, ವಿನಿಮಯ ಕೇಂದ್ರಕ್ಕೆ ಸರಿಯಾದ ಮಾಹಿತಿ ಹೋಗುವಂತೆ ನೋಡುವುದು, ಇವೆಲ್ಲ ಇವೆ. ಜೊತೆಗೆ ನಮಗೆ ಬೇಕಾದ ಒಂದು ಮಾತು ಇದೆ. ಹೂಡಿಕೆದಾರರ ದೂರಿಗೆಂದು ಕಂಪನಿ ಇಟ್ಟ ಇಮೇಲ್ ವಿಳಾಸದ ಮೇಲೆ ಕಣ್ಣಿಡುವುದು ಈ ಅಧಿಕಾರಿಯ ಜವಾಬ್ದಾರಿ. ಅಂದರೆ ಆ ವಿಳಾಸಕ್ಕೆ ಹೋದ ಮೇಲ್‌ಗೆ ಉತ್ತರ ಇಲ್ಲದಿದ್ದರೆ, ಯಾರನ್ನು ಕೇಳಬೇಕು ಎಂಬುದು ಮೊದಲೇ ತೀರ್ಮಾನ ಆಗಿದೆ.

ಈಗ ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ. ಒಂದು ಮನೆಯಲ್ಲಿ ವಿಜಯಾ ಬ್ಯಾಂಕಿನ 500 ಷೇರುಗಳ ಪತ್ರ ಸಿಕ್ಕಿದೆ ಅಂತ ಇಟ್ಟುಕೊಳ್ಳಿ. ಹೆಸರು ಅಜ್ಜನದ್ದು. ಅಜ್ಜ ತೀರಿಕೊಂಡಿದ್ದಾರೆ. ಅಜ್ಜಿ ಇದ್ದಾರೆ.

ಮೊದಲ ಕೆಲಸ, ಈ ಷೇರು ಇವತ್ತು ಯಾವ ಕಂಪನಿಯದು ಎಂದು ಖಚಿತ ಮಾಡಿಕೊಳ್ಳುವುದು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ವಿಜಯಾದ 1,000 ಷೇರಿಗೆ ಬರೋಡಾದ 402 ಷೇರು ಎಂದು ಲೆಕ್ಕ ಗೊತ್ತಾಗಿತ್ತು. ಹಾಗಾಗಿ 500 ಷೇರಿಗೆ 201 ಷೇರು. ಕಾರ್ಪೊರೇಷನ್ ಬ್ಯಾಂಕ್ ಮರು ವರ್ಷ, 2020ರ ಏಪ್ರಿಲ್ 1ಕ್ಕೆ, ಯೂನಿಯನ್ ಬ್ಯಾಂಕಿಗೆ ಸೇರಿತು. ಅಲ್ಲಿ 1,000ಕ್ಕೆ 330. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಸೇರಿತು. ಅಲ್ಲಿ 1,000ಕ್ಕೆ 158. ಹಳೇ ಪತ್ರ ಹಿಡಿದು ಹಳೇ ಹೆಸರಲ್ಲಿ ಹುಡುಕಿದರೆ, ಈಗ ಯಾರೂ ಓದದ ಇಮೇಲ್ ವಿಳಾಸಗಳೇ ಸಿಗುತ್ತವೆ. ಅದಕ್ಕೇ ಈ ಹೆಜ್ಜೆ ಮೊದಲು.

ಇಲ್ಲಿ ಒಂದು ಕಡೆ ಜನ ದಾರಿ ತಪ್ಪುತ್ತಾರೆ. ಕಂಪನಿ ಅಂದ ಮೇಲೆ ಕಂಪನಿ ವ್ಯವಹಾರಗಳ ಸಚಿವಾಲಯದ mca.gov.in ಜಾಲತಾಣದಲ್ಲಿ ಇರಬೇಕಲ್ವಾ ಎಂದು ಅಲ್ಲಿ ಹುಡುಕುತ್ತಾರೆ. ಸಾಮಾನ್ಯ ಕಂಪನಿಗಾದರೆ ಅದು ಸರಿ. ಆದರೆ ರಾಷ್ಟ್ರೀಕೃತ ಬ್ಯಾಂಕುಗಳು ಕಂಪನಿ ಕಾಯ್ದೆಯಲ್ಲಿ ನೋಂದಣಿ ಆದವಲ್ಲ. 1970 ಮತ್ತು 1980ರ ಪ್ರತ್ಯೇಕ ಕಾಯ್ದೆಗಳಿಂದ ಬಂದವು. ಅವುಗಳಿಗೆ ಬೇರೆ ಕಂಪನಿಗಳ ಹಾಗೆ 21 ಅಕ್ಷರದ ನೋಂದಣಿ ಸಂಖ್ಯೆ ಇರುವುದಿಲ್ಲ. ಅಲ್ಲಿ ಸಿಗಲಿಲ್ಲ ಎಂದು ಬ್ಯಾಂಕೇ ಮುಚ್ಚಿಹೋಗಿದೆ ಎಂದುಕೊಳ್ಳಬೇಡಿ. ಷೇರು ವಿನಿಮಯ ಕೇಂದ್ರದಲ್ಲಿ ಲಿಸ್ಟ್ ಆಗಿರುವ ಕಾರಣ ಸೆಬಿಯ ನಿಯಮ ಈ ಬ್ಯಾಂಕುಗಳಿಗೂ ಅನ್ವಯ. ಕಂಪನಿ ಸೆಕ್ರೆಟರಿ ಅಲ್ಲೂ ಇರುತ್ತಾರೆ.

ಎರಡನೇ ಕೆಲಸ ಹೆಸರು ಹುಡುಕುವುದು. ಬ್ಯಾಂಕಿನ ಜಾಲತಾಣಕ್ಕೆ ಮೊದಲು ಹೋಗಬೇಡಿ ಅನ್ನುವುದು ನನ್ನ ಸಲಹೆ. ಮೊದಲು ವಿನಿಮಯ ಕೇಂದ್ರದ ಜಾಲತಾಣಕ್ಕೆ ಹೋಗಿ. ಬಾಂಬೆ ಷೇರು ವಿನಿಮಯ ಕೇಂದ್ರದ್ದು bseindia.com, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ್ದು nseindia.com. ವಿಳಾಸವನ್ನು ನೀವೇ ಟೈಪ್ ಮಾಡಿ. ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಬ್ಯಾಂಕ್ ಆಫ್ ಬರೋಡಾದ ಕೋಡ್ ಬಿಎಸ್‌ಇಯಲ್ಲಿ 532134, ಎನ್‌ಎಸ್‌ಇಯಲ್ಲಿ BANKBARODA. ಕೋಡ್ ಹಾಕಿ ಹುಡುಕಿದರೆ ಒಂದೇ ರೀತಿಯ ಹೆಸರಿನ ಬೇರೆ ಕಂಪನಿಯ ಪುಟಕ್ಕೆ ಹೋಗುವ ಭಯ ಇಲ್ಲ.

ಆ ಪುಟದಲ್ಲಿ ಕಂಪನಿಯ ಪ್ರಕಟಣೆಗಳು ತಾರೀಕಿನ ಪ್ರಕಾರ ಇರುತ್ತವೆ. ತೀರಾ ಹೊಸದೊಂದನ್ನು ತೆರೆಯಿರಿ. ವಿಷಯ ಯಾವುದಾದರೂ ಆಗಲಿ, ನಮಗೆ ಬೇಕಾಗಿರುವುದು ಅದರ ಮೇಲ್ಭಾಗ ಮತ್ತು ಕೊನೆ. ಮೇಲೆ ಲೆಟರ್‌ಹೆಡ್‌ನಲ್ಲಿ ಕಚೇರಿಯ ವಿಳಾಸ, ಫೋನ್, ಇಮೇಲ್ ಇರುತ್ತವೆ. ಕೊನೆಯಲ್ಲಿ ಸಹಿ ಹಾಕಿದವರ ಹೆಸರು, ಅದರ ಕೆಳಗೆ ಹುದ್ದೆ. ಸಾಮಾನ್ಯವಾಗಿ ಆ ಸಹಿ ಕಂಪನಿ ಸೆಕ್ರೆಟರಿಯದ್ದೇ. ಕೆಲವರು ಜೊತೆಗೆ ಸದಸ್ಯತ್ವದ ಸಂಖ್ಯೆಯನ್ನೂ ಬರೆಯುತ್ತಾರೆ. ACS ಅಥವಾ FCS ಎಂದು ಶುರುವಾಗಿ ಮುಂದೆ ಅಂಕಿಗಳು. ಇದು ಕಂಪನಿ ಸೆಕ್ರೆಟರಿಗಳ ರಾಷ್ಟ್ರೀಯ ಸಂಸ್ಥೆ ಐಸಿಎಸ್‌ಐ ಕೊಡುವ ಸಂಖ್ಯೆ.

ಈ ಪತ್ರವನ್ನೇ ಯಾಕೆ ನೋಡಬೇಕು? ತಾರೀಕು ಇದೆ, ಅದಕ್ಕೆ. ಕಂಪನಿ ಸೆಕ್ರೆಟರಿಗಳು ಕೆಲಸ ಬದಲಾಯಿಸುತ್ತಾರೆ. ಸರ್ಕಾರಿ ಬ್ಯಾಂಕಿನಲ್ಲಾದರೆ ವರ್ಗವೂ ಆಗುತ್ತದೆ, ನಿವೃತ್ತಿಯೂ ಆಗುತ್ತದೆ. ವಾರ್ಷಿಕ ವರದಿಯಲ್ಲಿ ಹೆಸರು ಖಂಡಿತ ಇರುತ್ತದೆ. ಕಾರ್ಪೊರೇಟ್ ಗವರ್ನೆನ್ಸ್ ಎಂಬ ಅಧ್ಯಾಯದಲ್ಲಿ ಕಂಪ್ಲಯನ್ಸ್ ಆಫೀಸರ್ ಯಾರು, ಆ ವರ್ಷ ಷೇರುದಾರರಿಂದ ಎಷ್ಟು ದೂರು ಬಂತು, ಪತ್ರ ಬರೆಯಲು ವಿಳಾಸ ಯಾವುದು ಎಂದು ಹಾಕಲೇಬೇಕು. ಆದರೆ ವರದಿ ವರ್ಷಕ್ಕೊಮ್ಮೆ ಬರುವಂಥದ್ದು. ನಿಮ್ಮ ಕೈಗೆ ಸಿಗುವ ಹೊತ್ತಿಗೆ ಹೆಸರು ಬದಲಾಗಿರಬಹುದು. ವಿನಿಮಯ ಕೇಂದ್ರದ ಪತ್ರಗಳು ಹಾಗಲ್ಲ. ಮೂರು ತಿಂಗಳಿಗೊಮ್ಮೆ ಕಂಪನಿ ತನ್ನ ಫಲಿತಾಂಶ ಕೊಡಲೇಬೇಕು. ಹಾಗಾಗಿ ಏನೂ ವಿಶೇಷ ನಡೆಯದ ಕಂಪನಿಯಲ್ಲೂ ಕಳೆದ ಕೆಲವು ತಿಂಗಳ ಒಳಗಿನ ಒಂದು ಪತ್ರ ಇದ್ದೇ ಇರುತ್ತದೆ.

ಒಂದು ವೇಳೆ ಹೊಸ ಪತ್ರದಲ್ಲಿ ಬೇರೆ ಹೆಸರು ಕಂಡರೆ, ಅದೇ ಪ್ರಕಟಣೆಗಳ ಪಟ್ಟಿಯಲ್ಲಿ ಸ್ವಲ್ಪ ಹಿಂದೆ ಹೋಗಿ. ಕಂಪ್ಲಯನ್ಸ್ ಆಫೀಸರ್ ಬದಲಾದರೆ ಅದನ್ನೂ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು ಎಂಬ ನಿಯಮ ಇದೆ. ಹಳಬರು ಯಾವತ್ತು ಬಿಟ್ಟರು, ಹೊಸಬರು ಯಾವತ್ತಿನಿಂದ ಬಂದರು ಎಂಬ ಪತ್ರ ಸಿಗುತ್ತದೆ. ಆ ಪತ್ರ ಸಿಕ್ಕಿದರೆ ನಿಮ್ಮ ಸಂಶಯ ಮುಗಿಯಿತು. ಕೆಲವೊಮ್ಮೆ ಹುದ್ದೆ ಖಾಲಿ ಇರುತ್ತದೆ. ಖಾಲಿಯಾದ ಮೂರು ತಿಂಗಳ ಒಳಗೆ ತುಂಬಬೇಕು ಎಂದು ಸಾಮಾನ್ಯ ನಿಯಮ. ಆ ಮಧ್ಯದ ಸಮಯದಲ್ಲಿ ಪತ್ರಗಳಿಗೆ ಹಣಕಾಸು ಮುಖ್ಯಸ್ಥರೋ ಇನ್ನೊಬ್ಬ ಅಧಿಕಾರಿಯೋ ಸಹಿ ಹಾಕಿರುತ್ತಾರೆ. ಆಗ ನೀವು ಕಾಯುತ್ತಾ ಕೂರಬೇಕಾಗಿಲ್ಲ. ಹೆಸರು ಬರೆಯದೆ, ಬರೀ ಹುದ್ದೆಗೆ ಬರೆಯಿರಿ.

ನಿಜ ಹೇಳಬೇಕೆಂದರೆ ಯಾವಾಗಲೂ ಹುದ್ದೆಗೆ ಬರೆಯುವುದೇ ಒಳ್ಳೆಯದು. ಪತ್ರದ ಮೇಲೆ "ಕಂಪನಿ ಸೆಕ್ರೆಟರಿ ಮತ್ತು ಕಂಪ್ಲಯನ್ಸ್ ಆಫೀಸರ್" ಎಂದು ಇರಲಿ. ಇಮೇಲ್ ಕಂಪನಿ ಹೂಡಿಕೆದಾರರಿಗಾಗಿ ಇಟ್ಟ ವಿಳಾಸಕ್ಕೆ ಹೋಗಲಿ. ಆ ವ್ಯಕ್ತಿಯ ಸ್ವಂತ ಮೊಬೈಲ್ ನಂಬರ್ ಹುಡುಕುವುದು, ಫೇಸ್‌ಬುಕ್ಕಿನಲ್ಲಿ, ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಹಾಕುವುದು, ಇದೆಲ್ಲ ಬೇಡ. ಅದು ಅವರಿಗೂ ಸರಿಯಲ್ಲ, ನಿಮಗೂ ಪ್ರಯೋಜನ ಇಲ್ಲ. ಅಲ್ಲಿ ಕಳಿಸಿದ್ದು ಕಂಪನಿಯ ದಾಖಲೆಗೆ ಸೇರುವುದಿಲ್ಲ. ನಾಳೆ ದೂರು ಕೊಡಬೇಕಾದರೆ ನೀವು ತೋರಿಸಬೇಕಾದದ್ದು ಅಧಿಕೃತ ವಿಳಾಸಕ್ಕೆ ಕಳಿಸಿದ ಮೇಲ್ ಮತ್ತು ಅದರ ತಾರೀಕು. ಹೆಸರು ನಮಗೆ ಬೇಕಾಗಿರುವುದು ಆ ವಿಳಾಸ ಸರಿಯಾದದ್ದೋ ಎಂದು ತಾಳೆ ನೋಡಲು.

ತಾಳೆ ನೋಡುವುದು ಹೀಗೆ. ವಿನಿಮಯ ಕೇಂದ್ರದಲ್ಲಿ ಸಿಕ್ಕ ಪತ್ರದ ಲೆಟರ್‌ಹೆಡ್‌ನಲ್ಲಿ ಕಂಪನಿಯ ಜಾಲತಾಣದ ವಿಳಾಸ ಇರುತ್ತದೆ. ಈಗ ಅಲ್ಲಿಗೆ ಹೋಗಿ. ಹೂಡಿಕೆದಾರರ ವಿಭಾಗದಲ್ಲಿ ದೂರಿನ ಇಮೇಲ್ ವಿಳಾಸ ಮತ್ತು ಷೇರುದಾರರಿಗೆ ಸಹಾಯ ಮಾಡುವ ಅಧಿಕಾರಿಗಳ ವಿವರ ಹಾಕಬೇಕು ಎಂದು ಸೆಬಿ ನಿಯಮಾವಳಿಯ 46ನೇ ನಿಯಮ ಹೇಳುತ್ತದೆ. ಅಲ್ಲಿನ ಇಮೇಲ್‌ನಲ್ಲಿ @ ಚಿಹ್ನೆಯ ನಂತರ ಬರುವ ಭಾಗ ನೋಡಿ. ಅದು ಲೆಟರ್‌ಹೆಡ್‌ನಲ್ಲಿರುವ ಕಂಪನಿಯದ್ದೇ ಆಗಿರಬೇಕು. ವಾರ್ಷಿಕ ವರದಿಯಲ್ಲೂ ಅದೇ ವಿಳಾಸ ಇದ್ದರೆ ಮುಗಿಯಿತು. ಜಿಮೇಲ್‌ನಲ್ಲಿ ಮುಗಿಯುವ ವಿಳಾಸ ಕಂಡರೆ ಎಚ್ಚರ ಬೇಕು. ಕೆಲವು ತೀರಾ ಚಿಕ್ಕ ಕಂಪನಿಗಳು ನಿಜವಾಗಿಯೂ ಜಿಮೇಲ್ ಬಳಸುತ್ತವೆ. ಅದೇ ವಿಳಾಸ ವಿನಿಮಯ ಕೇಂದ್ರದ ಪತ್ರದಲ್ಲೂ ಇದ್ದರೆ ಮಾತ್ರ ನಂಬಿ. ಮೂರು ಕಡೆ ಮೂರು ವಿಳಾಸ ಕಂಡರೆ, ತಾರೀಕಿನಲ್ಲಿ ಹೊಸದಾದ ಸಲ್ಲಿಕೆಯಲ್ಲಿ ಇರುವುದಕ್ಕೆ ಕಳಿಸಿ, ಉಳಿದವುಗಳಿಗೆ ಪ್ರತಿ ಹಾಕಿ.

ಬ್ಯಾಂಕುಗಳ ವಿಷಯದಲ್ಲಿ ಇನ್ನೊಂದು ತೊಡಕು ಇದೆ. ಅಲ್ಲಿ ಚೀಫ್ ಕಂಪ್ಲಯನ್ಸ್ ಆಫೀಸರ್ ಎಂಬ ಇನ್ನೊಬ್ಬ ಅಧಿಕಾರಿ ಇರುತ್ತಾರೆ. ಅವರು ರಿಸರ್ವ್ ಬ್ಯಾಂಕಿನ ನಿಯಮಗಳ ಪಾಲನೆ ನೋಡುವವರು. ಪ್ರಿನ್ಸಿಪಲ್ ನೋಡಲ್ ಆಫೀಸರ್ ಎಂಬ ಮತ್ತೊಬ್ಬರು ಠೇವಣಿ, ಸಾಲ, ಎಟಿಎಂ ದೂರು ನೋಡುವವರು. ಷೇರಿನ ವಿಷಯವನ್ನು ಈ ಇಬ್ಬರಿಗೆ ಬರೆದರೆ ಪತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಓಡಾಡುತ್ತದೆ. ಹುದ್ದೆಯಲ್ಲಿ ಕಂಪನಿ ಸೆಕ್ರೆಟರಿ ಎಂಬ ಮಾತು ಇದೆಯೋ ಎಂದು ನೋಡಿಕೊಳ್ಳಿ. ಇದ್ದರೆ ಅವರೇ ನಮ್ಮವರು.

ಇನ್ನು ರಿಜಿಸ್ಟ್ರಾರ್. ಷೇರುದಾರರ ಪಟ್ಟಿ ಇಟ್ಟುಕೊಂಡು ದಿನದ ಕೆಲಸ ಮಾಡುವುದು ಕಂಪನಿ ನೇಮಿಸಿದ ಈ ಸಂಸ್ಥೆ. ರಿಜಿಸ್ಟ್ರಾರ್ ಮತ್ತು ಟ್ರಾನ್ಸ್‌ಫರ್ ಏಜೆಂಟ್ ಎಂದು ಪೂರ್ತಿ ಹೆಸರು. ಫಾರಂ ಕಳಿಸಬೇಕಾದದ್ದು ಕೊನೆಗೆ ಅವರಿಗೇ. ಆದರೆ ಹಳೇ ಪತ್ರದ ಹಿಂದೆ ಅಚ್ಚಾದ ರಿಜಿಸ್ಟ್ರಾರ್ ಹೆಸರನ್ನು ನಂಬಿ ಕೂತರೆ ಆಗುವುದಿಲ್ಲ. ಕಾರ್ವಿ ಕಂಪ್ಯೂಟರ್‌ಶೇರ್ ಎಂದು ಇದ್ದದ್ದು ಈಗ ಕೆಫಿನ್ ಟೆಕ್ನಾಲಜೀಸ್. ಲಿಂಕ್ ಇನ್‌ಟೈಮ್ ಎಂದು ಇದ್ದದ್ದು ಈಗ ಎಂಯುಎಫ್‌ಜಿ ಇನ್‌ಟೈಮ್. ವಿಲೀನವಾದ ಬ್ಯಾಂಕಿಗೆ ಒಂದು ರಿಜಿಸ್ಟ್ರಾರ್ ಇದ್ದು, ಸೇರಿಸಿಕೊಂಡ ಬ್ಯಾಂಕಿಗೆ ಇನ್ನೊಂದು ಇರುವುದೂ ಉಂಟು. ಈಗಿನ ರಿಜಿಸ್ಟ್ರಾರ್ ಯಾರು ಎಂಬುದೂ ವಾರ್ಷಿಕ ವರದಿಯ ಅದೇ ಅಧ್ಯಾಯದಲ್ಲಿ ಸಿಗುತ್ತದೆ. ಮೊದಲ ಮೇಲ್ ಇಬ್ಬರಿಗೂ ಹೋಗಲಿ. ರಿಜಿಸ್ಟ್ರಾರ್‌ಗೆ ನೇರವಾಗಿ, ಕಂಪನಿ ಸೆಕ್ರೆಟರಿಗೆ ಪ್ರತಿ. ಕೆಲಸ ಮಾಡುವವರು ಒಬ್ಬರು, ಉತ್ತರ ಕೊಡಬೇಕಾದವರು ಇನ್ನೊಬ್ಬರು. ಇಬ್ಬರಿಗೂ ಗೊತ್ತಿದ್ದರೆ ಪತ್ರ ಮೂಲೆಗೆ ಬೀಳುವುದು ಕಡಿಮೆ.

ಮೊದಲ ಮೇಲ್‌ನಲ್ಲಿ ಏನು ಬರೆಯಬೇಕು? ವಿಷಯದ ಸಾಲಿನಲ್ಲೇ ಫೋಲಿಯೋ ನಂಬರ್, ಅಂದರೆ ಷೇರುದಾರರ ಪಟ್ಟಿಯಲ್ಲಿ ಅಜ್ಜನ ಖಾತೆಯ ನಂಬರ್, ಇರಲಿ. ಹೀಗೆ:

```
Folio No. ______ (erstwhile Vijaya Bank) - holder deceased - list of documents required
```

ಒಳಗೆ ಪತ್ರದ ಮೇಲಿನ ಹೆಸರು, ಅಲ್ಲಿ ಅಚ್ಚಾದ ಹಾಗೇ. ಸರ್ಟಿಫಿಕೇಟ್ ನಂಬರ್, ಷೇರುಗಳ ಸಂಖ್ಯೆ, ಹೋಲ್ಡರ್ ತೀರಿಕೊಂಡ ತಾರೀಕು, ಕೇಳುತ್ತಿರುವವರ ಸಂಬಂಧ. ಆಮೇಲೆ ಮೂರು ಪ್ರಶ್ನೆ. ವಿಲೀನದ ನಂತರ ಈ ಫೋಲಿಯೋಗೆ ಬಂದ 201 ಷೇರು ಈಗ ಯಾವ ರೂಪದಲ್ಲಿದೆ? ಕಳಿಸಿದ್ದು ವಾಪಸ್ ಬಂದು, ಯಾರೂ ಪಡೆಯದ ಷೇರು ಇಡುವ ಕಂಪನಿಯ ಸಸ್ಪೆನ್ಸ್ ಖಾತೆಯಲ್ಲಿ ಕೂತಿರಬಹುದು, ಅದಕ್ಕೆ ಈ ಪ್ರಶ್ನೆ. ಎರಡನೆಯದು, ಪಡೆಯದೆ ಉಳಿದ ಡಿವಿಡೆಂಡ್ ಎಷ್ಟು, ಅದು ಎಲ್ಲಿದೆ? ಮೂರನೆಯದು, ಷೇರು ವಾರಸುದಾರರ ಹೆಸರಿಗೆ ಬರಲು ಯಾವ ಯಾವ ದಾಖಲೆ ಬೇಕು? ಈ ಮೊದಲ ಮೇಲ್‌ಗೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಏನೂ ಲಗತ್ತಿಸಬೇಡಿ. ಷೇರು ಪತ್ರದ ಮೂಲ ಪ್ರತಿಯಂತೂ ಈಗ ಮನೆಯಿಂದ ಹೊರಗೆ ಹೋಗಲೇಬಾರದು.

ಉತ್ತರದಲ್ಲಿ ಫಾರಂಗಳ ಹೆಸರು ಬರುತ್ತದೆ. ಪ್ಯಾನ್ ಮತ್ತು ವಿಳಾಸ ದಾಖಲಿಸಲು ISR-1, ಸಹಿಯನ್ನು ಬ್ಯಾಂಕ್ ದೃಢೀಕರಿಸಲು ISR-2, ತೀರಿಕೊಂಡವರ ಷೇರು ವಾರಸುದಾರರಿಗೆ ಬರಲು ISR-5. ಕಾಗದದ ಷೇರಾದರೆ, ಒಂದು ಕಂಪನಿಯಲ್ಲಿ ಅದರ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದಾಗ, ನಾಮಿನಿ ಇಲ್ಲದಿದ್ದರೂ ಕೋರ್ಟಿನ ಉತ್ತರಾಧಿಕಾರ ಪತ್ರ ಇಲ್ಲದೆ ಸರಳ ದಾರಿಯಲ್ಲಿ ಮುಗಿಸಬಹುದು. ನಮ್ಮ 201 ಷೇರಿನ ಲೆಕ್ಕದಲ್ಲಿ ಒಂದು ಷೇರಿಗೆ ಸುಮಾರು 2,487 ರೂಪಾಯಿ ದಾಟಿದರೆ ಮಾತ್ರ ಆ ಮಿತಿ ಮೀರುತ್ತದೆ. ಹಾಗಾಗಿ ಇಂಥ ಹೆಚ್ಚಿನ ಮನೆಗಳಿಗೆ ಕೋರ್ಟಿಗೆ ಹೋಗುವ ಅಗತ್ಯ ಬೀಳುವುದಿಲ್ಲ. ದಾಖಲೆ ಎಲ್ಲ ಸರಿಯಾಗಿ ತಲುಪಿದ ಮೇಲೆ ಕಾಗದದ ಷೇರಿನ ಕೆಲಸಕ್ಕೆ 21 ದಿನದ ಗಡುವು ಇದೆ. ಕಷ್ಟ ಇರುವುದು "ಎಲ್ಲ ಸರಿಯಾಗಿ" ಎಂಬಲ್ಲಿ.

ಕಾಸರಗೋಡಿನ ನಮಗೆ ಅಲ್ಲಿ ಕೆಲವು ವಿಶೇಷ ತೊಂದರೆಗಳಿವೆ. ನಮ್ಮ ತಾಲೂಕು 1956ರಲ್ಲಿ ಕೇರಳಕ್ಕೆ ಸೇರಿ, 1957ರಲ್ಲಿ ಕಣ್ಣೂರು ಜಿಲ್ಲೆಯ ಭಾಗವಾಯಿತು. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಅದಕ್ಕಿಂತ ಹಿಂದೆ ಷೇರು ತೆಗೆದುಕೊಂಡವರ ಫೋಲಿಯೋದಲ್ಲಿ "ಕ್ಯಾನನೂರ್ ಜಿಲ್ಲೆ" ಎಂದೇ ಇರುತ್ತದೆ. ಆಧಾರ್‌ನಲ್ಲಿ ಕಾಸರಗೋಡು. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಕೂತು ನೋಡುವವರಿಗೆ ಇದು ಎರಡು ಬೇರೆ ಊರಿನ ಎರಡು ಬೇರೆ ಜನ. ಮೊದಲ ಪತ್ರದಲ್ಲೇ ಒಂದು ಸಾಲು ಬರೆದುಬಿಡಿ: ಮನೆ ಬದಲಾಗಿಲ್ಲ, ಜಿಲ್ಲೆ ಬದಲಾಗಿದೆ, ಈ ವರ್ಷದಲ್ಲಿ. ವಿಲ್ಲೇಜ್ ಆಫೀಸಿನಿಂದ ಎರಡೂ ಒಂದೇ ಜಾಗ ಎಂಬ ಪತ್ರ ಸಿಕ್ಕಿದರೆ ಇನ್ನೂ ಒಳ್ಳೆಯದು.

ಹೆಸರಿನ ಕಾಗುಣಿತ ಇನ್ನೊಂದು. ಮಂಗಳೂರಿನ ಬ್ಯಾಂಕಿನಲ್ಲಿ ಬರೆಸಿದಾಗ ಶಂಕರ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಸ್ ಆದ ಮೇಲೆ ಎಚ್ ಬಂದಿರುತ್ತದೆ. ಕೇರಳದ ದಾಖಲೆಯಲ್ಲಿ ಎಚ್ ಇರುವುದಿಲ್ಲ. ಒಂದರಲ್ಲಿ ಭಟ್, ಇನ್ನೊಂದರಲ್ಲಿ ಭಟ್ಟ. ಒಂದರಲ್ಲಿ ಮನೆಯ ಹೆಸರು ಮೊದಲು, ಇನ್ನೊಂದರಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ. ಮರಣ ಪ್ರಮಾಣ ಪತ್ರ, ವಾರಸುದಾರರ ಪ್ರಮಾಣ ಪತ್ರ, ಷೇರು ಪತ್ರ, ಮೂರನ್ನೂ ಮೇಜಿನ ಮೇಲೆ ಇಟ್ಟು ಅಕ್ಷರ ಅಕ್ಷರ ನೋಡಿ. ವ್ಯತ್ಯಾಸ ಇದ್ದರೆ, ಈ ಎಲ್ಲ ಹೆಸರೂ ಒಬ್ಬರದೇ ಎಂಬ ಅಫಿಡವಿಟ್ ಬೇಕು. ಅದರ ಪಠ್ಯ ಹೇಗಿರಬೇಕು ಎಂದು ಕಂಪನಿಯನ್ನೇ ಕೇಳಿ. ನೀವೇ ಮಾಡಿಸಿ ಕಳಿಸಿದರೆ "ನಮ್ಮ ನಮೂನೆಯಲ್ಲಿಲ್ಲ" ಎಂದು ವಾಪಸ್ ಬರಬಹುದು. ಮಲಯಾಳದಲ್ಲಿ ಇರುವ ದಾಖಲೆಗೆ ಇಂಗ್ಲಿಷ್ ಅನುವಾದ, ನೋಟರಿಯ ಸಹಿಯೊಂದಿಗೆ, ಜೊತೆಗಿರಲಿ. ತಾಲೂಕು ಕಚೇರಿಯ ವಾರಸುದಾರರ ಪ್ರಮಾಣ ಪತ್ರಕ್ಕೆ ಕೇರಳದಲ್ಲಿ ಗೆಜೆಟ್ ಪ್ರಕಟಣೆ ಆಗಬೇಕು, ಹಾಗಾಗಿ ಸಮಯ ಹಿಡಿಯುತ್ತದೆ. ಕಂಪನಿಯ ಉತ್ತರ ಬರುವ ಮೊದಲೇ ಅದಕ್ಕೆ ಅರ್ಜಿ ಹಾಕಿದರೆ ಅಷ್ಟು ಸಮಯ ಉಳಿಯುತ್ತದೆ.

ಡಿವಿಡೆಂಡ್ ಬಗ್ಗೆ ಒಂದು ಮಾತು. ಏಳು ವರ್ಷ ಯಾರೂ ಪಡೆಯದ ಡಿವಿಡೆಂಡ್ ಕಂಪನಿಯ ಹತ್ತಿರ ಉಳಿಯುವುದಿಲ್ಲ. ಕೇಂದ್ರ ಸರ್ಕಾರದ ಐಇಪಿಎಫ್ ಎಂಬ ನಿಧಿಗೆ ಹೋಗುತ್ತದೆ. ಸಾಮಾನ್ಯ ಕಂಪನಿಗಳಲ್ಲಿ ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಷೇರು ಕೂಡ ಹೋಗುತ್ತದೆ. ರಾಷ್ಟ್ರೀಕೃತ ಬ್ಯಾಂಕುಗಳೂ ಷೇರನ್ನು ವರ್ಗಾಯಿಸಬಹುದು ಎಂದು 2025ರ ತಿದ್ದುಪಡಿಯಲ್ಲಿ ಬಂದಿದೆ. ಹೋದದ್ದು ಕಳೆದುಹೋಯಿತು ಎಂದಲ್ಲ, ವಾಪಸ್ ಕೇಳಬಹುದು. ಅದಕ್ಕೆ ಪ್ರತಿ ಕಂಪನಿಯಲ್ಲೂ ಒಬ್ಬ ನೋಡಲ್ ಆಫೀಸರ್ ಇರಬೇಕು, ಹೆಸರು ಮತ್ತು ಇಮೇಲ್ ಜಾಲತಾಣದಲ್ಲಿ ಹಾಕಬೇಕು. ಬಹಳ ಕಡೆ ಅದೂ ಕಂಪನಿ ಸೆಕ್ರೆಟರಿಯೇ. ಇದು ನಿಮಗೆ ಸಲ್ಲಬೇಕಾದದ್ದು ಎಂದು ಹೇಳುವ ಎಂಟೈಟಲ್‌ಮೆಂಟ್ ಲೆಟರನ್ನು ಮೊದಲು ಕಂಪನಿಯಿಂದ ಪಡೆದುಕೊಂಡು, ಆಮೇಲೆ IEPF-5 ಫಾರಂ ತುಂಬುವುದು ಕ್ರಮ. ಆ ಪತ್ರ ಇಲ್ಲದೆ ನೇರವಾಗಿ ಫಾರಂ ತುಂಬಿದ ಅರ್ಜಿಗಳು ತಿರಸ್ಕಾರ ಆಗುವುದು ಸಾಮಾನ್ಯ.

ಇಲ್ಲೇ ಮೋಸದ ವಿಷಯ ಹೇಳಬೇಕು. ಯಾರ ಡಿವಿಡೆಂಡ್ ಎಷ್ಟು ಬಾಕಿ ಇದೆ ಎಂಬ ಪಟ್ಟಿಯನ್ನು ಕಂಪನಿಗಳು ಜಾಲತಾಣದಲ್ಲಿ ಹಾಕಬೇಕು. ಷೇರುದಾರರಿಗೆ ತಿಳಿಯಲಿ ಎಂದು ಹಾಕುವ ಪಟ್ಟಿ ಅದು. ಆದರೆ ಅದನ್ನು ಎಲ್ಲರೂ ನೋಡಬಹುದು. ಹಾಗಾಗಿ ಒಬ್ಬ ಅಪರಿಚಿತ ಫೋನ್ ಮಾಡಿ ನಿಮ್ಮ ಅಜ್ಜನ ಹೆಸರು, ಕಂಪನಿ, ಮೊತ್ತ ಎಲ್ಲ ಸರಿಯಾಗಿ ಹೇಳಿದ ಮಾತ್ರಕ್ಕೆ ಅವನು ಕಂಪನಿಯವನು ಅಂತ ಅಲ್ಲ. "ನಾನು ಕಂಪನಿ ಸೆಕ್ರೆಟರಿ ಆಫೀಸಿನಿಂದ" ಎಂದರೆ ಅವನ ನಂಬರಿಗೆ ಏನೂ ಕಳಿಸದೆ, ನೀವು ಹುಡುಕಿಟ್ಟ ಅಧಿಕೃತ ಇಮೇಲ್‌ಗೆ "ಹೀಗೆ ಒಂದು ಕರೆ ಬಂತು, ನಿಮ್ಮದೇನಾ" ಎಂದು ಬರೆಯಿರಿ. ಷೇರಿನ ಒಂದು ಪಾಲು ಕೊಟ್ಟರೆ ಎಲ್ಲಾ ಮಾಡಿಕೊಡುತ್ತೇನೆ ಎನ್ನುವವರು ಇದ್ದಾರೆ. ಅವರಲ್ಲಿ ನಿಜವಾಗಿ ಕೆಲಸ ಮಾಡುವವರೂ ಇರಬಹುದು. ಆದರೆ ಕಂಪನಿ ಸೆಕ್ರೆಟರಿಯ ಕಚೇರಿ ದಾಖಲೆಗಳ ಪಟ್ಟಿ ಕೊಡಲು ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಮೊದಲು ಓಟಿಪಿ, ಮೊದಲು "ಪ್ರೋಸೆಸಿಂಗ್ ಫೀಸ್" ಎಂದು ಯಾರಾದರೂ ಕೇಳಿದರೆ ಆ ಕರೆ ಅಲ್ಲಿಗೇ ಮುಗಿಸಿ.

ಎಲ್ಲ ಸರಿ ಬರೆದರೂ ಉತ್ತರ ಬರದಿದ್ದರೆ? ಸೆಬಿಯ ಸ್ಕೋರ್ಸ್ ಇದೆ, scores.sebi.gov.in. ಪ್ಯಾನ್ ಕೊಟ್ಟು ನೋಂದಣಿ ಮಾಡಿಕೊಂಡು, ಕಂಪನಿಯ ಹೆಸರು ಆರಿಸಿ, ಮೊದಲು ಕಳಿಸಿದ ಮೇಲ್‌ನ ಪ್ರತಿ ಲಗತ್ತಿಸಿ. ಕಂಪನಿ 21 ದಿನದ ಒಳಗೆ ಉತ್ತರ ಕೊಡಬೇಕು. ಆ ಉತ್ತರ ಸಮಾಧಾನ ಕೊಡದಿದ್ದರೆ 15 ದಿನದ ಒಳಗೆ ಮರುಪರಿಶೀಲನೆ ಕೇಳಬಹುದು. ಅದಕ್ಕೇ ಮೊದಲ ಮೇಲ್ ಅಧಿಕೃತ ವಿಳಾಸಕ್ಕೇ ಹೋಗಿರಬೇಕು ಎಂದು ಅಷ್ಟು ಒತ್ತಿ ಹೇಳಿದ್ದು. ಶಾಖೆಯ ಮ್ಯಾನೇಜರ್ ಹತ್ತಿರ ಬಾಯಲ್ಲಿ ಹೇಳಿದ್ದನ್ನು ಲಗತ್ತಿಸಲು ಆಗುವುದಿಲ್ಲ. ಇಲ್ಲಿ ಸಮಯದ ಮಿತಿಯೂ ಇದೆ. ತೊಂದರೆ ಶುರುವಾದ ಒಂದು ವರ್ಷದ ಒಳಗೆ ಸ್ಕೋರ್ಸ್‌ನಲ್ಲಿ ದೂರು ಹಾಕಬೇಕು. ಉತ್ತರ ಬರಬಹುದು ಎಂದು ಕಾಯುತ್ತಾ ವರ್ಷ ಕಳೆಯಬೇಡಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳು:

"ಷೇರು ಅಲ್ಲ, ಒಂದು ಫೈನಾನ್ಸ್ ಕಂಪನಿಯ ಡಿಬೆಂಚರ್ ಇದೆ. ಅದಕ್ಕೂ ಇವರೇ ಇರುತ್ತಾರಾ?" ಎಂದು ಒಬ್ಬರು ಹಿರಿಯರು ಕೇಳಿದರು.

ಡಿಬೆಂಚರ್ ಅಂದರೆ ಕಂಪನಿ ಸಾಲ ಪಡೆದದ್ದಕ್ಕೆ ಕೊಡುವ ಪತ್ರ. ಅದನ್ನು ಸಾರ್ವಜನಿಕರಿಗೆ ಮಾರಿ ಲಿಸ್ಟ್ ಮಾಡಿದ್ದಾದರೆ ಖಂಡಿತ ಇರುತ್ತಾರೆ. ಆಗ ಹೊರಡಿಸಿದ ಪ್ರಾಸ್ಪೆಕ್ಟಸ್‌ನ ಮೊದಲ ಪುಟದಲ್ಲೇ ಕಂಪನಿ ಸೆಕ್ರೆಟರಿ ಮತ್ತು ಕಂಪ್ಲಯನ್ಸ್ ಆಫೀಸರ್ ಹೆಸರು, ಫೋನ್, ಇಮೇಲ್ ಅಚ್ಚಾಗಿರುತ್ತದೆ. ಡಿಬೆಂಚರ್ ಟ್ರಸ್ಟಿ ಎಂಬ ಸಂಸ್ಥೆಯ ಹೆಸರೂ ಪ್ರಾಸ್ಪೆಕ್ಟಸ್‌ನಲ್ಲಿ ಇರುತ್ತದೆ. ಹಣ ಬರುವುದು ತಡವಾದರೆ ಇಬ್ಬರಿಗೂ ಬರೆಯಿರಿ. ಲಿಸ್ಟ್ ಆಗದ ಕಂಪನಿಯಾದರೆ ದಾರಿ ಬೇರೆ. ಅಲ್ಲಿ ಸೆಬಿಯ ಕಂಪ್ಲಯನ್ಸ್ ಆಫೀಸರ್ ಎಂಬ ಹುದ್ದೆಯೇ ಇಲ್ಲ. ಸಂದಾಯವಾದ ಬಂಡವಾಳ 10 ಕೋಟಿ ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಕಂಪನಿ ಸೆಕ್ರೆಟರಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಇರಲೇಬೇಕೆಂದಿಲ್ಲ. ಅಂಥ ಕಡೆ ನೋಂದಾಯಿತ ಕಚೇರಿಗೆ, ನಿರ್ದೇಶಕರ ಹೆಸರಿಗೆ ಬರೆಯಬೇಕು. ಅವರ ಹೆಸರು mca.gov.in ನಲ್ಲಿ ಸಿಗುತ್ತದೆ. ಕಂಪನಿ ಕೊಟ್ಟ ಯಾವುದೇ ಪತ್ರದಲ್ಲಿ ವಿಳಾಸ, ಫೋನ್, ಇಮೇಲ್, ನೋಂದಣಿ ಸಂಖ್ಯೆ ಇರಬೇಕು ಎಂದು ಕಂಪನಿ ಕಾಯ್ದೆಯ 12ನೇ ಕಲಂ ಹೇಳುತ್ತದೆ. ನಿಮ್ಮ ಕೈಯಲ್ಲಿರುವ ಪತ್ರದಲ್ಲಿ ಆ ಸಂಖ್ಯೆ ಇಲ್ಲದಿದ್ದರೆ, ಹಾಕಿದ ದುಡ್ಡಿನ ಬಗ್ಗೆ ಇವತ್ತೇ ವಿಚಾರಿಸಿ.

ಇನ್ನೊಬ್ಬ ಅಕ್ಕ ಕೇಳಿದ್ದು: "ನಮ್ಮ ಅತ್ತೆಗೆ ಮೇಲ್ ಎಲ್ಲ ಗೊತ್ತಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ. ಅವನ ಮೇಲ್‌ನಿಂದ ಕಳಿಸಬಹುದಾ? ಇಲ್ಲಾ ಅಕ್ಷಯ ಕೇಂದ್ರದಲ್ಲಿ ಮಾಡಿಸಬೇಕಾ?"

ದಾಖಲೆಗಳ ಪಟ್ಟಿ ಕೇಳುವ ಮೊದಲ ಮೇಲ್ ಮಗನ ಇಮೇಲ್‌ನಿಂದ ಹೋದರೆ ತೊಂದರೆ ಇಲ್ಲ. ಆದರೆ ಫೋಲಿಯೋದಲ್ಲಿ ಎಷ್ಟು ಷೇರು, ಎಷ್ಟು ಡಿವಿಡೆಂಡ್ ಎಂಬ ವಿವರವನ್ನು ಕಂಪನಿ ಯಾರೋ ಕೇಳಿದರು ಎಂದು ಕೊಡುವುದಿಲ್ಲ, ಕೊಡಲೂಬಾರದು. ಅದಕ್ಕೆ ಅತ್ತೆಯೇ ಸಹಿ ಮಾಡಿದ ಪತ್ರ ಬೇಕು. ಪತ್ರವನ್ನು ಕಾಗದದಲ್ಲಿ ಬರೆದು, ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಮೇಲ್‌ಗೆ ಲಗತ್ತಿಸಿ. ಮೂಲ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಂಪನಿ ಸೆಕ್ರೆಟರಿಯ ಹುದ್ದೆಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಕ್ಷಯ ಕೇಂದ್ರದಲ್ಲಿ ಮಾಡಿಸುವುದಾದರೆ ಮೇಲ್ ಅಲ್ಲಿಯವರ ವಿಳಾಸದಿಂದ ಹೋಗದಂತೆ ನೋಡಿಕೊಳ್ಳಿ. ಉತ್ತರ ಬರುವುದು ಕಳಿಸಿದ ವಿಳಾಸಕ್ಕೆ. ಅತ್ತೆಯ ಹೆಸರಿನಲ್ಲೇ ಒಂದು ಇಮೇಲ್ ತೆರೆದು, ಪಾಸ್‌ವರ್ಡನ್ನು ಮನೆಯಲ್ಲಿ ಬರೆದಿಡಿ. ISR-1 ಫಾರಂನಲ್ಲೂ ಅದೇ ಇಮೇಲ್ ಕೊಡಿ. ಆಮೇಲೆ ಕಂಪನಿಯ ಪುಸ್ತಕದಲ್ಲಿ ಅದೇ ಅತ್ತೆಯ ವಿಳಾಸ ಆಗುತ್ತದೆ, ಮುಂದಿನ ಪತ್ರಗಳೆಲ್ಲ ಅಲ್ಲಿಗೇ ಬರುತ್ತವೆ.